ನೂರು ಕಿಲೋ ಟೊಮೆಟೊ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

(ಸಣ್ಣ ರೈತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿರುವ ಹೆಚ್ಚಿನವರ ಕೈಯಲ್ಲಿ ಎರಡರಿಂದ ಐದು ಎಕರೆ ನೆಲವಿದೆ. ಬೆಳೆ ಚೆನ್ನಾಗಿ ಬಂದ ವರ್ಷವೇ ಬೆಲೆ ಬೀಳುತ್ತದೆ, ಕ್ರೇಟ್‌ಗಟ್ಟಲೆ ಹಣ್ಣು ಉಳಿದುಬಿಡುತ್ತದೆ. ಆಗ ಯಾರಾದರೂ ಬಂದು "ಒಣಗಿಸಿ ಮಾರಿ" ಎನ್ನುತ್ತಾರೆ, ಇನ್ನೊಬ್ಬರು "ಪ್ಯೂರಿ ಮಾಡಿ" ಎನ್ನುತ್ತಾರೆ, ಮತ್ತೊಬ್ಬರು "ಗಾಣ ಹಾಕಿಕೊಳ್ಳಿ" ಎನ್ನುತ್ತಾರೆ. ಮೂವರೂ ತೋರಿಸುವುದು ಒಂದೇ ಅಂಕಿಯನ್ನು: ತಯಾರಾದ ಸರಕು ಅಂಗಡಿಯಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆ ಎಂಬುದನ್ನು. ಆ ಅಂಕಿಯಿಂದ ಹೋಲಿಕೆ ಶುರು ಮಾಡಿದರೆ ದಾರಿ ತಪ್ಪುವುದು ಖಂಡಿತ. ಇವತ್ತು ನಾನು ನೂರು ಕಿಲೋ ಟೊಮೆಟೊವನ್ನು ನಿಮ್ಮ ಮುಂದೆ ಇಟ್ಟು, ಅದು ಒಂದೊಂದು ದಾರಿಯಲ್ಲಿ ಹೋಗುವಾಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ತೋರಿಸುತ್ತೇನೆ.

ಹಣದ ಲೆಕ್ಕವನ್ನು ಯಾವ ನಾಣ್ಯದಲ್ಲೂ ಹೇಳುವುದಿಲ್ಲ. ಬೆಲೆ ಬಿದ್ದಾಗ ಒಂದು ಕಿಲೋ ಟೊಮೆಟೊಗೆ ಎಷ್ಟು ಸಿಗುತ್ತದೋ ಅದನ್ನು "ಒಂದು ಪಾಲು" ಎಂದು ಕರೆಯೋಣ. ಒಂದು ಗಂಟೆಯ ಕೂಲಿ ಎಂಟು ಪಾಲು ಎಂದಿಟ್ಟುಕೊಳ್ಳೋಣ. ಇವು ಉದಾಹರಣೆಯ ಸಂಖ್ಯೆಗಳು. ಮನೆಗೆ ಹೋಗಿ ನಿಮ್ಮ ಸಂಖ್ಯೆಗಳನ್ನು ಹಾಕಿ ಇದೇ ಲೆಕ್ಕವನ್ನು ಮತ್ತೆ ಮಾಡಿ.

ಮೊದಲು ಒಣಗಿಸುವ ದಾರಿ. ಟೊಮೆಟೊ ಎಂದರೆ ಬಹುಪಾಲು ನೀರು. ನೂರು ಕಿಲೋದಲ್ಲಿ ಗಟ್ಟಿ ಅಂಶ ಐದೋ ಆರೋ ಕಿಲೋ ಮಾತ್ರ. ಕೊಳೆತದ್ದನ್ನು ತೆಗೆದು, ತೊಟ್ಟಿನ ಭಾಗ ಕತ್ತರಿಸಿ ಬಿಸಾಡಿದ ಮೇಲೆ ತೊಂಬತ್ತು ಕಿಲೋ ತಟ್ಟೆಗೆ ಬರುತ್ತದೆ. ಅದು ಸರಿಯಾಗಿ ಒಣಗಿದಾಗ ಕೈಗೆ ಸಿಗುವುದು ಸುಮಾರು 5.6 ಕಿಲೋ. ಉಳಿದ 84 ಕಿಲೋ ನೀರು ಆವಿಯಾಗಿ ಹೋಗಬೇಕು. ಒಣಗಿಸುವ ಉದ್ಯಮ ಎಂದರೆ ನೀರನ್ನು ಗಾಳಿಗೆ ಕೊಡುವ ಉದ್ಯಮ. ಎಷ್ಟು ನೀರನ್ನು ಎಷ್ಟು ಬೇಗ ಕೊಡಬಲ್ಲಿರಿ ಎಂಬುದೇ ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ.

ಬಿಸಿಲಿನ ಶಾಖದಿಂದ ನಡೆಯುವ ಸಾಧಾರಣ ಸೌರ ಡ್ರೈಯರಿನಲ್ಲಿ, ಒಳ್ಳೆಯ ಬಿಸಿಲಿದ್ದ ದಿನ, ಒಂದು ಚದರ ಮೀಟರ್ ತಟ್ಟೆಯಿಂದ ಒಂದೂವರೆ ಕಿಲೋದಷ್ಟು ನೀರು ಹೋಗುತ್ತದೆ. ಹಾಗಾಗಿ ಚದರ ಮೀಟರಿಗೆ ಐದು ಕಿಲೋ ಹೋಳು ಹರಡಿದರೆ ಅದು ಒಣಗಲು ಮೂರು ದಿನ ಬೇಕು. ನಮ್ಮ ತೊಂಬತ್ತು ಕಿಲೋಗೆ 18 ಚದರ ಮೀಟರ್ ತಟ್ಟೆ, ಮೂರು ದಿನ. ಇಷ್ಟು ಕೇಳಿದಾಗ ಯಾರಿಗೂ ಕಷ್ಟವೆನಿಸುವುದಿಲ್ಲ. ಆದರೆ ನಾಳೆ ಬೆಳಿಗ್ಗೆ ಹೊಲದಿಂದ ಇನ್ನೂ ನೂರು ಕಿಲೋ ಬರುತ್ತದೆ, ನಾಡಿದ್ದು ಮತ್ತೆ ನೂರು. ಡ್ರೈಯರಿನಲ್ಲಿ ಮಾತ್ರ ಮೊದಲ ದಿನದ ಹೋಳು ಇನ್ನೂ ಕುಳಿತೇ ಇದೆ.

ಬೆಲೆ ಬಿದ್ದ ಕಾಲ ಇಪ್ಪತ್ತು ದಿನ ಎಂದುಕೊಳ್ಳಿ. ಕಾಗದದ ಮೇಲೆ ಲೆಕ್ಕ ಹಾಕುವವರು ಇಪ್ಪತ್ತು ದಿನ, ಇಪ್ಪತ್ತು ಸುತ್ತು ಎಂದು ಬರೆಯುತ್ತಾರೆ. ನಿಜವಾಗಿ ಆಗುವುದು ಆರು ಸುತ್ತು. ಡ್ರೈಯರಿಗೆ ಆರು ಸಾವಿರ ಪಾಲು ಖರ್ಚಾಗಿ, ಅದು ಐದು ವರ್ಷ ಬಾಳಿಕೆ ಬಂದರೆ, ವರ್ಷಕ್ಕೆ ಇಪ್ಪತ್ತು ಸುತ್ತಿನ ಲೆಕ್ಕದಲ್ಲಿ ಒಂದು ಸುತ್ತಿನ ಮೇಲೆ ಬೀಳುವ ಹೊರೆ 60 ಪಾಲು. ವರ್ಷಕ್ಕೆ ಆರೇ ಸುತ್ತಾದರೆ ಅದು 200 ಪಾಲು. ಇದಕ್ಕೆ ಹಣ್ಣಿನ ಬೆಲೆ 100, ಹನ್ನೆರಡು ಗಂಟೆಯ ಕೆಲಸಕ್ಕೆ 96, ಪೊಟ್ಟಣಕ್ಕೆ 10 ಸೇರಿಸಿ. ಮೊದಲ ಲೆಕ್ಕದಲ್ಲಿ ಒಂದು ಕಿಲೋ ಒಣ ಟೊಮೆಟೊ ತಯಾರಿಸಲು 47 ಪಾಲು ತಗಲುತ್ತದೆ, ಎರಡನೆಯದರಲ್ಲಿ 72. ಅದೇ ಹಣ್ಣು, ಅದೇ ಡ್ರೈಯರು, ಅದೇ ಕೈಗಳು. ಸುತ್ತುಗಳನ್ನು ಎಣಿಸುವ ಬದಲು ದಿನಗಳನ್ನು ಎಣಿಸಿದ್ದರಿಂದ ಆದ ವ್ಯತ್ಯಾಸ ಇದು. ಸಾಲ ಮಾಡಿ ಡ್ರೈಯರು ಕೊಂಡು ಎರಡನೇ ವರ್ಷಕ್ಕೆ ಅದರಲ್ಲಿ ಹಳೆಯ ಚೀಲ ತುಂಬಿಟ್ಟ ಮನೆಗಳನ್ನು ನೋಡಿದ್ದೇನೆ. ಅವರಲ್ಲಿ ಯಾರೂ ಸೋಮಾರಿಗಳಲ್ಲ. ಕೊಳ್ಳುವ ಮೊದಲು ಈ ಒಂದು ಸಾಲಿನ ಲೆಕ್ಕವನ್ನು ಅವರಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೇ.

ಹಾಗಾದರೆ 72ನ್ನು ಮತ್ತೆ 47ಕ್ಕೆ ಇಳಿಸುವುದು ಹೇಗೆ? ಟೊಮೆಟೊ ಇಲ್ಲದ ತಿಂಗಳುಗಳಲ್ಲೂ ತಟ್ಟೆ ತುಂಬಿರಬೇಕು. ಮೆಣಸಿನಕಾಯಿ, ಸೊಪ್ಪು, ಬಾಳೆ, ಶುಂಠಿ, ಯಾವುದಾದರೂ ಸರಿ. ಇನ್ನೂ ಹದಿನಾಲ್ಕು ಸುತ್ತು ತುಂಬಿಸುವ ಬೆಳೆ ನಿಮ್ಮ ಅಥವಾ ನೆರೆಯವರ ಹೊಲದಲ್ಲಿ ಇದೆಯೇ? ಇದ್ದರೆ ಒಣಗಿಸುವ ದಾರಿಗೆ ಬನ್ನಿ. ಇಲ್ಲದಿದ್ದರೆ ಡ್ರೈಯರಿನ ಬೆಲೆ ಎಷ್ಟೇ ಅಗ್ಗವಾಗಿ ಕಂಡರೂ ಕೈ ಹಾಕಬೇಡಿ.

ಒಣಗಿಸುವಾಗ ಆಗುವ ಹಾನಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದನ್ನು ನಾನೇ ಅನುಭವಿಸಿದ್ದೇನೆ. ಮೊದಲ ವರ್ಷ ನಾನು ಹೋಳನ್ನು ಬೆರಳಿನಿಂದ ಒತ್ತಿ ನೋಡಿ, ಮೇಲೆ ಗಟ್ಟಿಯಾಗಿದ್ದರೆ ಒಣಗಿದೆ ಎಂದು ತೀರ್ಮಾನಿಸುತ್ತಿದ್ದೆ. ಮೂರನೇ ವಾರ ಡಬ್ಬ ತೆರೆದರೆ ಮುಚ್ಚಳದ ಒಳಗೆ ತೇವದ ಹನಿ, ಹೋಳಿನ ಅಂಚಿನಲ್ಲಿ ಬಿಳಿ ಬೂಷ್ಟು. ಎರಡು ಸುತ್ತಿನ ಕೆಲಸ ಗೊಬ್ಬರದ ಗುಂಡಿಗೆ ಹೋಯಿತು. ಕಾರಣ ಆಮೇಲೆ ತಿಳಿಯಿತು. ಬೇಗ ಮುಗಿಯಲಿ ಎಂದು ಮೊದಲ ದಿನವೇ ಶಾಖವನ್ನು ಎಪ್ಪತ್ತು ಡಿಗ್ರಿ ಸೆಲ್ಸಿಯಸ್ ದಾಟಿಸಿದ್ದೆ. ಹಾಗೆ ಮಾಡಿದಾಗ ಹೋಳಿನ ಮೈ ಚಿಪ್ಪಿನಂತೆ ಬಿಗಿದು, ಒಳಗಿನ ನೀರು ಹೊರಬರಲು ದಾರಿ ಇಲ್ಲದೆ ಅಲ್ಲೇ ಉಳಿಯುತ್ತದೆ. ಐವತ್ತೈದರಿಂದ ಅರವತ್ತು ಡಿಗ್ರಿ ಸಾಕು.

ಈಗ ಬೆರಳನ್ನು ನಂಬುವುದಿಲ್ಲ, ತಕ್ಕಡಿಯನ್ನು ನಂಬುತ್ತೇನೆ. ಪ್ರತಿ ಸುತ್ತಿನಲ್ಲಿ ಒಂದು ತಟ್ಟೆಗೆ ಗುರುತು ಹಾಕಿ, ಅದರಲ್ಲಿ ಸರಿಯಾಗಿ ಒಂದು ಕಿಲೋ ಹಸಿ ಹೋಳು ಇಡುತ್ತೇನೆ. ಆ ತಟ್ಟೆಯ ಹೋಳು 63 ಗ್ರಾಮಿಗೆ ಇಳಿಯುವ ತನಕ ಸುತ್ತು ಮುಗಿದಿಲ್ಲ. ಎಂಬತ್ತು ಗ್ರಾಮ್ ಇದ್ದರೆ, ಹೋಳು ಎಷ್ಟೇ ಗಟ್ಟಿಯಾಗಿ ಕಂಡರೂ, ಒಳಗೆ ನೀರು ಕುಳಿತಿದೆ ಎಂದರ್ಥ. ನಿಮ್ಮ ತಳಿಯ ಹಣ್ಣಿನಲ್ಲಿ ಗಟ್ಟಿ ಅಂಶ ಹೆಚ್ಚಿದ್ದರೆ ಈ ತೂಕವೂ ತುಸು ಹೆಚ್ಚಿರುತ್ತದೆ; ಒಂದು ಸುತ್ತನ್ನು ಹೋಳು ಬಾಗದೆ ಮುರಿಯುವಷ್ಟು ಪೂರ್ತಿ ಒಣಗಿಸಿ ನಿಮ್ಮ ಸಂಖ್ಯೆಯನ್ನು ಕಂಡುಕೊಳ್ಳಿ. ಆಮೇಲೆ ಹೋಳು ತಣ್ಣಗಾದ ಮೇಲೆ ಗಾಜಿನ ಭರಣಿಯಲ್ಲಿ ಮುಕ್ಕಾಲು ಭಾಗಕ್ಕಿಂತ ಕಡಿಮೆ ತುಂಬಿ, ಮುಚ್ಚಳ ಬಿಗಿದು, ಒಂದು ವಾರ ದಿನಕ್ಕೊಮ್ಮೆ ಅಲುಗಾಡಿಸಿ. ಗಾಜಿನ ಒಳಮೈಯಲ್ಲಿ ಹನಿ ಕಂಡರೆ ಮತ್ತೆ ತಟ್ಟೆಗೆ ಹಾಕಿ. ಬಿಸಿ ಇರುವಾಗಲೇ ತುಂಬಿದರೆ ಚೆನ್ನಾಗಿ ಒಣಗಿದ ಹೋಳೂ ಬೆವರುತ್ತದೆ.

ಮೋಡದ ದಿನ ಬಂದರೆ ಅಪಾಯ ಹೊಸ ಹೋಳಿಗಷ್ಟೇ ಅಲ್ಲ, ಅರ್ಧ ಒಣಗಿದ ಹೋಳಿಗೂ ಇದೆ. ಅದು ಒಂದು ದಿನ ಹಾಗೇ ಕುಳಿತರೆ ಲೋಳೆಯಾಗಿ ಹುಳಿ ವಾಸನೆ ಬರುತ್ತದೆ. ಸೌದೆಯದೋ ವಿದ್ಯುತ್ತಿನದೋ ಒಂದು ಬದಲಿ ಶಾಖ ಇಲ್ಲದೆ ಬಿಸಿಲನ್ನೇ ನೆಚ್ಚಿಕೊಂಡವರು ಆರು ಸುತ್ತಿನಲ್ಲಿ ಒಂದನ್ನಾದರೂ ಕಳೆದುಕೊಳ್ಳುತ್ತಾರೆಂದು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಇನ್ನು ಪ್ಯೂರಿಯ ದಾರಿ. ಅದೇ ತೊಂಬತ್ತು ಕಿಲೋ. ಸಿಪ್ಪೆ, ಬೀಜ ಹೋದ ಮೇಲೆ 82 ಕಿಲೋ ರಸ. ಅದನ್ನು ಕುದಿಸಿ ಅರ್ಧಕ್ಕೆ ಇಳಿಸಿದರೆ 41 ಕಿಲೋ, ಅಂದರೆ ಅರ್ಧ ಲೀಟರಿನ ಎಂಬತ್ತು ಬಾಟಲಿ. ಇಲ್ಲಿ ಒಂದು ಸುತ್ತು ಒಂದೇ ದಿನದಲ್ಲಿ ಮುಗಿಯುತ್ತದೆ. ಇಪ್ಪತ್ತು ದಿನ ಎಂದರೆ ನಿಜಕ್ಕೂ ಇಪ್ಪತ್ತು ಸುತ್ತು. ಡ್ರೈಯರಿನಲ್ಲಿ ಆದ ಆ ಅಡಚಣೆ ಇಲ್ಲಿ ಇಲ್ಲ.

ಆದರೆ ಅಡಚಣೆ ಬೇರೆ ಕಡೆ ಇದೆ. ತೆರೆದ ಒಲೆಯ ಮೇಲೆ ಒಂದು ಕಿಲೋ ನೀರನ್ನು ಆವಿ ಮಾಡಲು ಹೆಚ್ಚುಕಡಿಮೆ ಒಂದು ಕಿಲೋ ಸೌದೆ ಬೇಕು. ರಸವನ್ನು ಕುದಿಯುವ ಮಟ್ಟಕ್ಕೆ ತರಲು ಇನ್ನೊಂದಿಷ್ಟು. ಸುತ್ತಿಗೆ ಐವತ್ತು ಕಿಲೋ ಸೌದೆ ಎಂದಿಟ್ಟುಕೊಳ್ಳಿ, 50 ಪಾಲು. ಕೆಲಸ ಹನ್ನೊಂದು ಗಂಟೆ, 88. ಪಾತ್ರೆ, ರಸ ತೆಗೆಯುವ ಯಂತ್ರ ಎಲ್ಲ ಸೇರಿ ನಾಲ್ಕು ಸಾವಿರ ಪಾಲಾಗಿ, ಅವೂ ಐದು ವರ್ಷ ಬಾಳಿಕೆ ಬಂದರೆ ಒಂದು ಸುತ್ತಿಗೆ 40. ಹಣ್ಣು 100. ಬಾಟಲಿ ಮತ್ತು ಮುಚ್ಚಳ ಒಂದಕ್ಕೆ ಎರಡು ಪಾಲಿನಂತೆ 160. ಒಟ್ಟು 438, ಅಂದರೆ ಬಾಟಲಿಗೆ ಐದೂವರೆ ಪಾಲು. ಈ ಪಟ್ಟಿಯಲ್ಲಿ ಅತಿ ದೊಡ್ಡ ಸಾಲು ಯಾವುದು ಗಮನಿಸಿ. ನೀವು ಬೆಳೆದ ಹಣ್ಣಲ್ಲ, ಬೇರೆಯವರು ಮಾಡಿದ ಗಾಜು. ಪ್ಯೂರಿಯ ದಾರಿ ಹಿಡಿದವರ ಲಾಭ ನಷ್ಟ ಬಾಟಲಿಯನ್ನು ಎಷ್ಟಕ್ಕೆ ಕೊಳ್ಳುತ್ತಾರೆ, ಖಾಲಿ ಬಾಟಲಿಯನ್ನು ಗಿರಾಕಿಯಿಂದ ವಾಪಸ್ ಪಡೆಯುತ್ತಾರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಅರ್ಧದಷ್ಟು ಬಾಟಲಿ ವಾಪಸ್ ಬಂದು, ತೊಳೆದು ಕುದಿಸಿ ಮತ್ತೆ ಬಳಸಿ, ಮುಚ್ಚಳ ಮಾತ್ರ ಹೊಸದು ಹಾಕಿದರೆ ಲೆಕ್ಕದ ಮುಖವೇ ಬದಲಾಗುತ್ತದೆ. ದೂರದ ಊರಿಗೆ ಕಳಿಸುವವರಿಗೆ ಇದು ಸಾಧ್ಯವಿಲ್ಲ. ಮೇಲಾಗಿ ಬಾಟಲಿಯ ತೂಕವೂ ಸಾಗಣೆಯ ತೂಕವೇ: ಒಣ ಟೊಮೆಟೊ ಆದರೆ 5.6 ಕಿಲೋವನ್ನು ಒಂದು ಚೀಲದಲ್ಲಿ ಬಸ್ಸಿಗೆ ಹಾಕಬಹುದು. ಪ್ಯೂರಿ ಆದರೆ ಗಾಜು ಸೇರಿ ಅರವತ್ತು ಕಿಲೋ ದಾಟುತ್ತದೆ, ಒಡೆಯುವ ಭಯ ಬೇರೆ. ಹಾಗಾಗಿ ಪ್ಯೂರಿ ಹತ್ತಿರದ ಗಿರಾಕಿಗೆ, ಒಣ ಹೋಳು ದೂರದ ಗಿರಾಕಿಗೆ ಎಂಬುದು ನನ್ನ ತೀರ್ಮಾನ.

ಪ್ಯೂರಿಯಲ್ಲಿ ಎರಡು ವಿಷಯ ತಪ್ಪಬಾರದು. ಒಂದು, ಕತ್ತರಿಸಿದ ಹಣ್ಣನ್ನು ಕೂಡಲೇ ಕಾಯಿಸುವುದು. ಹಣ್ಣು ಕತ್ತರಿಸಿದ ಕ್ಷಣದಿಂದ ಅದರಲ್ಲೇ ಇರುವ ಕಿಣ್ವಗಳು ರಸವನ್ನು ಮಂದವಾಗಿಡುವ ಪೆಕ್ಟಿನನ್ನು ಒಡೆಯತೊಡಗುತ್ತವೆ. ತುಂಬಿದ ಎರಡು ದಿನಕ್ಕೆ ಬಾಟಲಿಯಲ್ಲಿ ಮೇಲೊಂದು ನೀರಿನ ಪದರ, ಕೆಳಗೊಂದು ತಿರುಳಿನ ಪದರ ಕಂಡರೆ ಆದದ್ದು ಇದೇ. ಕೆಟ್ಟಿರುವುದಿಲ್ಲ, ಆದರೆ ಯಾರೂ ಕೊಳ್ಳುವುದಿಲ್ಲ. ಪಾತ್ರೆಯನ್ನು ಮೊದಲೇ ಬಿಸಿ ಮಾಡಿಟ್ಟು, ಕತ್ತರಿಸಿದ ಹಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಅದಕ್ಕೇ ಹಾಕುತ್ತಾ ತೊಂಬತ್ತು ಡಿಗ್ರಿಗೆ ಬೇಗ ಮುಟ್ಟಿಸಿದರೆ ಕಿಣ್ವ ಸಾಯುತ್ತದೆ, ಪ್ಯೂರಿ ಒಂದೇ ಮೈಯಾಗಿ ನಿಲ್ಲುತ್ತದೆ.

ಎರಡನೆಯದು ಜೀವದ ಪ್ರಶ್ನೆ. ಗಾಳಿಯಾಡದ ಬಾಟಲಿಯಲ್ಲಿ ಬಾಟುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷವನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಮಾತ್ರ ಅದು ಬೆಳೆಯುವುದಿಲ್ಲ. ಟೊಮೆಟೊ ಈ ಗೆರೆಯ ಮೇಲೆಯೇ ನಿಂತ ಹಣ್ಣು. ಕೆಲವು ತಳಿಗಳು, ಅತಿಯಾಗಿ ಮಾಗಿದ ಹಣ್ಣುಗಳು ಗೆರೆ ದಾಟಿರುತ್ತವೆ. ಬೂಷ್ಟು ಬಂದ ಹಣ್ಣಿನಲ್ಲಿ ಬೂಷ್ಟೇ ಹುಳಿಯನ್ನು ತಿಂದು ಪಿಎಚ್ ಏರಿಸಿರುತ್ತದೆ. ಆದ್ದರಿಂದ ಆ ಭಾಗ ಕತ್ತರಿಸಿ ಉಳಿದದ್ದನ್ನು ಹಾಕುವ ಉಳಿತಾಯ ಬೇಡ, ಇಡೀ ಹಣ್ಣನ್ನು ಬಿಸಾಡಿ. ಲೀಟರಿಗೆ ಎರಡರಿಂದ ಎರಡೂವರೆ ಗ್ರಾಮ್ ನಿಂಬೆ ಉಪ್ಪು ಬೆರೆಸಿ, ಪ್ರತಿ ಸುತ್ತಿನ ಮಾದರಿಯನ್ನು ತಣ್ಣಗಾದ ಮೇಲೆ ಪಿಎಚ್ ಮೀಟರಿನಲ್ಲಿ ಅಳೆದು, 4.2 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಮಾರಿ. ನಾಲಿಗೆಯ ಅಂದಾಜು ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಸಿಹಿ ಹೆಚ್ಚಿದ್ದರೆ ಹುಳಿ ತಿಳಿಯುವುದಿಲ್ಲ. ಬೆಳ್ಳುಳ್ಳಿ, ಈರುಳ್ಳಿ, ಎಣ್ಣೆ ಸೇರಿಸಿದ ಸಾಸ್ ಮಾಡುವುದಾದರೆ ಈ ಲೆಕ್ಕ ಬದಲಾಗುತ್ತದೆ. ಆಹಾರ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗದ ಅಂಥ ಪಾಕವನ್ನು ಮಾರಾಟಕ್ಕೆ ಇಡಬೇಡಿ.

ಗಾಣದ ವಿಷಯಕ್ಕೆ ಬರೋಣ. ಟೊಮೆಟೊಗೂ ಗಾಣಕ್ಕೂ ಏನು ಸಂಬಂಧ ಎಂದು ಕೇಳಬಹುದು. ಬೆಳೆಯ ಆಯ್ಕೆ ಇನ್ನೂ ನಿಮ್ಮ ಕೈಯಲ್ಲಿರುವವರಿಗಾಗಿ ಇದನ್ನು ಹೇಳುತ್ತಿದ್ದೇನೆ. ಎಣ್ಣೆಕಾಳು ಚೆನ್ನಾಗಿ ಒಣಗಿದ್ದರೆ ತಿಂಗಳುಗಟ್ಟಲೆ ಕಾಯುತ್ತದೆ, ಮಾಗಿದ ಟೊಮೆಟೊ ಹೆಚ್ಚು ದಿನ ಕಾಯುವುದಿಲ್ಲ. ನೂರು ಕಿಲೋ ನೆಲಗಡಲೆ ಬೀಜದಿಂದ ಸಣ್ಣ ಗಾಣದಲ್ಲಿ ಸುಮಾರು ನಲವತ್ತು ಕಿಲೋ ಎಣ್ಣೆ ಬರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಹಿಂಡಿ, ಅದಕ್ಕೂ ಬೆಲೆಯಿದೆ. ವಾರಕ್ಕೆ ಎರಡು ದಿನದಂತೆ ವರ್ಷಪೂರ್ತಿ ಯಂತ್ರ ಓಡಬಹುದು, ನೆರೆಯವರ ಕಾಳನ್ನು ಕೂಲಿಗೆ ಅರೆದುಕೊಡಬಹುದು. ಯಂತ್ರದ ಬೆಲೆ ಡ್ರೈಯರಿಗಿಂತ ಹೆಚ್ಚಿದ್ದರೂ ಒಂದು ಸುತ್ತಿನ ಮೇಲೆ ಬೀಳುವ ಹೊರೆ ಕಡಿಮೆ. ಒಂದು ಎಚ್ಚರಿಕೆ ಇದೆ: ಬೂಷ್ಟು ಹಿಡಿದ ನೆಲಗಡಲೆಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಅದರ ಬಹುಪಾಲು ಹಿಂಡಿಗೆ ಹೋಗುತ್ತದೆ, ಹಿಂಡಿಯಿಂದ ಹಸುವಿಗೆ, ಹಸುವಿನಿಂದ ಹಾಲಿಗೆ. ಸುಕ್ಕುಗಟ್ಟಿದ, ಬಣ್ಣಗೆಟ್ಟ ಕಾಳನ್ನು ಕೈಯಲ್ಲಿ ಆರಿಸಿ ತೆಗೆಯುವ ಕೂಲಿಯನ್ನು ಲೆಕ್ಕದಿಂದ ಬಿಡುವಂತಿಲ್ಲ.

ಈಗ ಈ ಎಲ್ಲ ದಾರಿಗಳನ್ನೂ ಯಾವುದರ ಜೊತೆ ಹೋಲಿಸಬೇಕು? ಏನನ್ನೂ ತಯಾರಿಸದೆ, ಬರೀ ಆರಿಸಿ ಮಾರುವುದರ ಜೊತೆ. ಇದನ್ನು ಹೆಚ್ಚಿನವರು ಹೋಲಿಕೆಗೆ ಸೇರಿಸುವುದೇ ಇಲ್ಲ. ನೂರು ಕಿಲೋವನ್ನು ಎರಡು ಗಂಟೆ ಕುಳಿತು ಆರಿಸಿದರೆ, 70 ಕಿಲೋ ಒಂದೇ ಗಾತ್ರದ ಒಳ್ಳೆಯ ಹಣ್ಣು, 22 ಕಿಲೋ ಸಣ್ಣದು, ಸೊಟ್ಟದ್ದು ಅಥವಾ ಹೆಚ್ಚು ಮಾಗಿದ್ದು, 8 ಕಿಲೋ ಬಿಸಾಡುವಂಥದ್ದು ಎಂದುಕೊಳ್ಳಿ. ಆರಿಸಿದ ಹಣ್ಣಿಗೆ ಒಂದೂವರೆ ಪಾಲು ಸಿಕ್ಕರೂ ಎಪ್ಪತ್ತು ಕಿಲೋಗೆ 105 ಪಾಲು ಬಂತು; ಆರಿಸಿದ ಕೂಲಿ 16 ಕಳೆದರೆ 89. ಬೆರಕೆಯಾಗಿ ಮಾರಿದ್ದರೆ ಸಿಗುತ್ತಿದ್ದುದು 100. ಅಂದರೆ ಉಳಿದ 22 ಕಿಲೋ ನಿಮಗೆ ಬರೀ 11 ಪಾಲಿಗೆ, ಕಿಲೋಗೆ ಅರ್ಧ ಪಾಲಿನಂತೆ ಬಿತ್ತು. ತಯಾರಿಕೆಗೆ ಇಳಿಯಬೇಕಾದದ್ದು ಈ 22 ಕಿಲೋದಿಂದ, ಇಡೀ ನೂರರಿಂದಲ್ಲ. ಇಲ್ಲೇ ನನ್ನ ಮಾತು ಕೆಲವರಿಗೆ ನಿರಾಸೆ ಕೊಡುತ್ತದೆ ಎಂದು ಗೊತ್ತಿದೆ, ಯಂತ್ರದ ಗಾತ್ರ ಒಮ್ಮೆಲೇ ನಾಲ್ಕನೇ ಒಂದು ಭಾಗಕ್ಕೆ ಇಳಿದುಬಿಡುತ್ತದಲ್ಲ. ಸಾಲವೂ ಅಷ್ಟೇ ಇಳಿಯುತ್ತದೆ.

ಕೊನೆಗೆ ಗಿರಾಕಿಯ ಲೆಕ್ಕ. ಪೂರ್ತಿ ನೂರು ಕಿಲೋದಂತೆ ಇಪ್ಪತ್ತು ಸುತ್ತು ಪ್ಯೂರಿ ಮಾಡಿದರೆ 1,600 ಬಾಟಲಿ. ವಾರಕ್ಕೊಂದು ಬಾಟಲಿ ತಪ್ಪದೆ ಕೊಳ್ಳುವ ಮನೆ ಮೂವತ್ತೊಂದು ಇದ್ದರೆ ಒಂದು ವರ್ಷದಲ್ಲಿ ಖಾಲಿ. ಒಣ ಟೊಮೆಟೊ ಆರು ಸುತ್ತಿಗೆ 34 ಕಿಲೋ ಬಂದು ನೂರು ಗ್ರಾಮಿನ 340 ಪೊಟ್ಟಣ ಆಗುತ್ತದೆ. ಆದರೆ ಒಂದು ಪೊಟ್ಟಣ ಒಂದು ಮನೆಯಲ್ಲಿ ಎರಡು ತಿಂಗಳು ಬಂದರೆ ಐವತ್ತೇಳು ಮನೆ ಬೇಕು. ಸರಕು ಕಡಿಮೆ, ಬೇಕಾದ ಗಿರಾಕಿ ಹೆಚ್ಚು. ನಿಮ್ಮ ಮೊಬೈಲಿನಲ್ಲಿ ಈಗಾಗಲೇ ಇರುವ ಹೆಸರುಗಳಲ್ಲಿ ಇಂಥ ಎಷ್ಟು ಮನೆ ಇವೆ ಎಂದು ಎಣಿಸಿ ನೋಡಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: "ಇಪ್ಪತ್ತೆರಡು ಕಿಲೋದಲ್ಲಿ ಸಣ್ಣದೂ ಇದೆ, ಮಾಗಿದ್ದೂ ಇದೆ ಎಂದಿರಿ. ಎರಡನ್ನೂ ಒಂದೇ ದಾರಿಗೆ ಹಾಕಬೇಕೇ?"

ಬೇಡ ಎಂದೆ. ಗಟ್ಟಿಯಾಗಿದ್ದು ತಿರುಳು ಹೆಚ್ಚಿರುವ ಸಣ್ಣ ಹಣ್ಣು ತಟ್ಟೆಗೆ ಒಳ್ಳೆಯದು. ಮಾಗಿ ಮೆತ್ತಗಾದದ್ದು ತಟ್ಟೆಯಲ್ಲಿ ಅಂಟಿಕೊಂಡು ಹರಿದುಹೋಗುತ್ತದೆ, ಅದು ಪ್ಯೂರಿಗೆ. ಈ ಬಾರಿ ಬೆಲೆ ಬಿದ್ದಾಗ ಮನೆಯಲ್ಲಿರುವ ಪಾತ್ರೆಯಲ್ಲೇ ಹತ್ತು ಕಿಲೋ ಪ್ಯೂರಿ, ಎರಡು ಚದರ ಮೀಟರ್ ಜಾಲರಿ ತಟ್ಟೆಯಲ್ಲಿ ಹತ್ತು ಕಿಲೋ ಹೋಳು ಮಾಡಿ. ಕೊಳ್ಳಬೇಕಾದದ್ದು ಗ್ರಾಮ್ ತೋರಿಸುವ ತಕ್ಕಡಿ, ಥರ್ಮಾಮೀಟರ್, ಪಿಎಚ್ ಮೀಟರ್. ಎಷ್ಟು ಗಂಟೆ ಹಿಡಿಯಿತು, ಎಷ್ಟು ಸೌದೆ ಹೋಯಿತು, ಕೊನೆಗೆ ಕೈಗೆ ಬಂದ ತೂಕ ಎಷ್ಟು, ಈ ಮೂರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಅದೇ ದಿನ ಬರೆದಿಡಿ. ಹಿರಿಯರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, "ಒಂದು ಕಿಲೋಗೆ ಅರವತ್ತಮೂರು ಗ್ರಾಮ್ ಎಂದಿರಲ್ಲವೇ?" ಎಂದು ಇನ್ನೊಮ್ಮೆ ಕೇಳಿ ಬರೆದುಕೊಂಡರು.